ಕಲ್ಲಲ್ಲಿರೋ ದೇವರಾಯ ಅಪ್ಪನೋ ಮಗನೋ?

ಪ್ರಶ್ನೆ: ಸರ್, ಬಾರಕೂರು ಹತ್ತಿರ ನಮ್ಮ ಕುಟುಂಬದ ಮೂಲ ದೇವಸ್ಥಾನದಲ್ಲಿ ಒಂದು ಶಾಸನದ ಕಲ್ಲು ಉಂಟು. ಬ್ರಹ್ಮಕಲಶಕ್ಕೆ ಸ್ಮರಣ ಸಂಚಿಕೆ ಮಾಡ್ತಿದ್ದೇವೆ. ಕಲ್ಲಲ್ಲಿ "ಶ್ರೀ ವೀರಪ್ರತಾಪ ದೇವರಾಯ ಮಹಾರಾಯರು ವಿಜಯನಗರಿಯಲಿ" ಅಂತ ಓದ್ಲಿಕ್ಕೆ ಆಗ್ತದೆ. ಶಕವರ್ಷ ೧೩, ಮತ್ತೆ ಒಂದು ಅಂಕೆ ಹೋಗಿದೆ, ಕೊನೆಗೆ ೮. ಸಂವತ್ಸರದ ಹೆಸರಲ್ಲಿ "ಭವ" ಮಾತ್ರ ಉಳಿದಿದೆ. ನಮ್ಮಲ್ಲಿ ಒಬ್ರು ಇದು ಪ್ರೌಢ ದೇವರಾಯ ಅಂತಾರೆ, ಇನ್ನೊಬ್ರು ಅಲ್ಲ ಅವನ ಮಗ ಅಂತಾರೆ. ಅಪ್ಪ ಮಗ ಇಬ್ಬರಿಗೂ ಅದೇ ಬಿರುದು ಅದೇ ಹೆಸರು ಅದೇ ರಾಜಧಾನಿ ಅಂದ್ರೆ ಹೇಗೆ ಗೊತ್ತು ಮಾಡೋದು? — ಉಡುಪಿಯ ಓದುಗರು

ಉತ್ತರ: ಮೊದಲು ಉತ್ತರ ಹೇಳಿಬಿಡ್ತೇನೆ, ಕಾರಣ ಆಮೇಲೆ. ನೀವು ಕೊಟ್ಟ ಓದು ಸರಿ ಅಂತಾದ್ರೆ ಈ ಕಲ್ಲು ಅಪ್ಪನದ್ದು, ಪರಾಭವ ಸಂವತ್ಸರ, ಶಕ 1348, ಅಂದ್ರೆ ಕ್ರಿ.ಶ. 1426-27. ಆದ್ರೆ ಪ್ರಿಂಟಿಗೆ ಕೊಡುವ ಮೊದಲು "ಭವ"ದ ಎಡಗಡೆ ಇದ್ದ ಅಕ್ಷರದ ಬುಡವನ್ನು ಒಮ್ಮೆ ನೋಡಬೇಕು, ಅದು ಯಾಕೆ ಅಂತ ಕೆಳಗೆ ಹೇಳ್ತೇನೆ.

ಜಗಳ ಶುರುವಾಗೋದು ಎಲ್ಲಿ ಅಂದ್ರೆ, ನಿಮ್ಮಲ್ಲಿ ಇಬ್ಬರೂ ರಾಜನ ಹೆಸರನ್ನು ಹಿಡ್ಕೊಂಡು ವಾದ ಮಾಡ್ತಿದ್ದಾರೆ. ಹೆಸರಿಂದ ಇದು ಬಗೆಹರಿಯೋದಿಲ್ಲ ಮಾರಾಯ್ರೆ. ಸಂಗಮ ವಂಶದಲ್ಲಿ ದೇವರಾಯ ಅಂತ ಕರೆಸಿಕೊಂಡವರು ಒಬ್ಬಿಬ್ಬರಲ್ಲ. ಮೊದಲನೆಯವನು 1406ರ ನವೆಂಬರ್ 5ಕ್ಕೆ ಪಟ್ಟಕ್ಕೆ ಬಂದು 1422ರ ತನಕ ಇದ್ದ. ಅವನ ಮಕ್ಕಳು ರಾಮಚಂದ್ರ ಮತ್ತು ವಿಜಯ ಸ್ವಲ್ಪ ಕಾಲ ಆಳಿದ್ರು. ವಿಜಯನ ಮಗ 1424ರ ಸುಮಾರಿಗೆ ಬಂದು 1446ರಲ್ಲಿ ತೀರಿಕೊಂಡ, ಇವನೇ ನಮ್ಮ ಶಾಲೆ ಪಾಠದ ಎರಡನೇ ದೇವರಾಯ, ಜನರ ಬಾಯಲ್ಲಿ ಪ್ರೌಢ ದೇವರಾಯ. ಅವನ ಮಗ ಮಲ್ಲಿಕಾರ್ಜುನ 1465ರ ತನಕ ಆಳಿದ. ಪುಸ್ತಕದಲ್ಲಿ ಮಲ್ಲಿಕಾರ್ಜುನ ಅಂತಲೇ ಇರೋದ್ರಿಂದ ಅವನು ಬೇರೆ, ಗೊಂದಲ ಎಂತದ್ದೂ ಇಲ್ಲ ಅಂತ ಅನಿಸ್ತದೆ. ಆದ್ರೆ ಕಲ್ಲಲ್ಲಿ ಅವನು ಸುಮಾರು ಸಲ ಅಪ್ಪನ ಹೆಸರಲ್ಲೇ ಕೂತಿರ್ತಾನೆ. ವೀರಪ್ರತಾಪ ದೇವರಾಯ, ಇಮ್ಮಡಿ ದೇವರಾಯ, ಇಮ್ಮಡಿ ಪ್ರೌಢ ದೇವರಾಯ, ಹೀಗೆ. ಎಲ್ಲೋ ಕೆಲವು ಕಡೆ ಮಲ್ಲಿಕಾರ್ಜುನ ಅಂತ ಬಿಡಿಸಿ ಬರೆದಿರ್ತಾರೆ, ಹಾಗೆ ಇದ್ರೆ ಪುಣ್ಯ, ಕೆಲಸ ಅಲ್ಲಿಗೇ ಮುಗೀತು.

ಇಲ್ಲೇ ದೊಡ್ಡ ಹೊಂಡ ಇರೋದು. ಈಗಿನ ಪುಸ್ತಕಗಳಲ್ಲಿ "ಇಮ್ಮಡಿ ದೇವರಾಯ" ಅಂದ್ರೆ ಅಪ್ಪ, ಯಾಕಂದ್ರೆ ಇತಿಹಾಸಕಾರರು ಒಂದು ಎರಡು ಅಂತ ಲೆಕ್ಕ ಹಾಕಿ ಅವನಿಗೆ ಎರಡನೇ ನಂಬ್ರ ಕೊಟ್ಟಿದ್ದಾರೆ. ಶಾಸನದಲ್ಲಿ "ಇಮ್ಮಡಿ ದೇವರಾಯ" ಅಂತ ಬಂದ್ರೆ ಸಾಮಾನ್ಯವಾಗಿ ಅದು ಮಗ, ಅಂದ್ರೆ ಮಲ್ಲಿಕಾರ್ಜುನ. ಆಗಿನವರು ಒಂದನೇ ಎರಡನೇ ಮೂರನೇ ಅಂತ ಪಟ್ಟಿ ಮಾಡಿಕೊಂಡು ಕೂತಿರಲಿಲ್ಲ, ಪ್ರಸಿದ್ಧನಾದ ಅಪ್ಪನ ಹೆಸರನ್ನೇ ಮಗ ಹೊತ್ತುಕೊಂಡಾಗ ಇಮ್ಮಡಿ ಅಂತ ಸೇರಿಸಿದ್ರು, ಅಷ್ಟೆ. ನಮ್ಮ ಕಡೆಯ ಎಷ್ಟೋ ಸ್ಮರಣ ಸಂಚಿಕೆಗಳಲ್ಲಿ ಇದು ಎಡವಟ್ಟಾಗಿದೆ. ಕಲ್ಲಲ್ಲಿ ಇಮ್ಮಡಿ ದೇವರಾಯ ಅಂತ ಉಂಟು, ಬರೆಯುವವರು ಪಾಠಪುಸ್ತಕ ತೆಗೆದು ನೋಡ್ತಾರೆ, ಅಲ್ಲಿ 1424ರಿಂದ 1446 ಅಂತ ಉಂಟು, ಅದನ್ನೇ ಹಾಕ್ತಾರೆ, ಅದೇ ಪುಟದ ಕೆಳಗೆ ಶಾಸನದ ಕಾಲ 1455 ಅಂತಲೂ ಹಾಕ್ತಾರೆ. ಸತ್ತು ಒಂಬತ್ತು ವರ್ಷ ಆದ ರಾಜ ಉಂಬಳಿ ಕೊಟ್ಟ ಹಾಗಾಯ್ತು. ನಿಮ್ಮ ಕಲ್ಲಲ್ಲಿ ಇಮ್ಮಡಿ ಅಂತ ಇಲ್ಲ. ಹಾಗಂತ ಅದು ಅಪ್ಪನದ್ದೇ ಅಂತ ಹೇಳ್ಲಿಕ್ಕೂ ಬರೋದಿಲ್ಲ, ಮಗನ ಶಾಸನದಲ್ಲಿ ಇಮ್ಮಡಿ ಬಿಟ್ಟು ಹೋಗೋದು ಅಪರೂಪ ಏನಲ್ಲ. ಇಮ್ಮಡಿ ಇದ್ರೆ ಮಗನ ಕಡೆಗೆ ಬಲವಾದ ಸಾಕ್ಷಿ, ಇಲ್ಲದಿದ್ರೆ ಎಂತದ್ದೂ ಸಾಕ್ಷಿ ಅಲ್ಲ, ಹೀಗೆ ತಿಳ್ಕೊಳ್ಳಿ.

ಬಿರುದು ನೋಡಿ ಹೇಳುವವರೂ ಇದ್ದಾರೆ. ಮಹಾರಾಜಾಧಿರಾಜ, ರಾಜಪರಮೇಶ್ವರ, ವೀರಪ್ರತಾಪ ಇವೆಲ್ಲ ಸಿಂಹಾಸನದ ಜೊತೆಗೆ ಬರುವಂತವು, ಯಾರು ಕೂತ್ರೂ ಅವೇ. "ಗಜಬೇಟೆಕಾರ" ಅಂತ ಒಂದು ಉಂಟಲ್ಲ, ಆನೆ ಬೇಟೆಯದ್ದು, ಅದು ಅಪ್ಪನಿಗೆ ಅಂಟಿಕೊಂಡ ಬಿರುದು ಅನ್ನೋದು ನಿಜ, ಆದ್ರೆ ಮುಂದೆ ಮಗನ ಶಾಸನಗಳಲ್ಲೂ ಅದು ಕಾಣಿಸಿಕೊಳ್ತದೆ, ಮುಖ್ಯವಾಗಿ ತಮಿಳು ಸೀಮೆಯಲ್ಲಿ. ಹಾಗಾಗಿ ಅದೊಂದೇ ಇದ್ರೆ ನಾನಂತೂ ತೀರ್ಪು ಕೊಡೋದಿಲ್ಲ. ಕೊನೆಯಲ್ಲಿರುವ "ಶ್ರೀ ವಿರೂಪಾಕ್ಷ" ಅನ್ನೋ ಒಪ್ಪವನ್ನು ತೋರಿಸಿ ಇದು ರಾಜನ ಸಹಿ ಅಲ್ವಾ ಅಂತ ಕೇಳ್ತಾರೆ. ಸಹಿಯೇ ಹೌದು, ಆದ್ರೆ ಅದು ಕುಲದೇವರ ಹೆಸರಲ್ಲಿ ಹಾಕುವ ಸಹಿ, ಅಪ್ಪನದ್ದೂ ಅದೇ ಮಗನದ್ದೂ ಅದೇ. ಇನ್ನು ಲಿಪಿ. ಲಿಪಿ ನೋಡಿ ಹದಿನೈದನೇ ಶತಮಾನ ಅಂತ ಹೇಳಬಹುದು, ಆದ್ರೆ 1440ರ ಅಕ್ಷರ ಯಾವುದು 1450ರದ್ದು ಯಾವುದು ಅಂತ ಹೇಳ್ತೇನೆ ಅಂದವರನ್ನು ನಂಬಬೇಡಿ, ಇಬ್ಬರ ಕಾಲದಲ್ಲೂ ಒಬ್ಬನೇ ಕಲ್ಲುಕುಟಿಗ ಉಳಿ ಹಿಡಿದಿದ್ದಿರಬಹುದು. ರಾಜಧಾನಿಯದ್ದೂ ಅದೇ ಕಥೆ, ಇಬ್ಬರಿಗೂ ವಿಜಯನಗರಿ. ಒಂದು ವಿನಾಯಿತಿ ಮಾತ್ರ ಉಂಟು, 1459ರ ಒಂದು ಶಾಸನ ಮಲ್ಲಿಕಾರ್ಜುನ ತನ್ನ ಪ್ರಧಾನ ತಿಮ್ಮಣ್ಣ ದಂಡನಾಯಕನ ಜೊತೆ ಪೆನುಗೊಂಡೆಯಲ್ಲಿದ್ದ ಅಂತ ಹೇಳ್ತದೆ. ನಿಮ್ಮ ಕಲ್ಲಿಗೆ ಅದರಿಂದ ಉಪಯೋಗ ಇಲ್ಲ.

ಹಾಗಾದ್ರೆ ಎಂತ ಉಳೀತು? ಸಂವತ್ಸರ. ಪ್ರಭವ ವಿಭವ ಶುಕ್ಲ ಪ್ರಮೋದೂತ ಅಂತ ಸಣ್ಣದಿರುವಾಗ ಉರು ಹೊಡೆದಿದ್ದೇವಲ್ಲ, ಅದೇ. ಸಂಕಲ್ಪ ಹೇಳುವ ಮನೆಯವರಾದ್ರೆ ನಿಮಗೆ ಇನ್ನೂ ಸುಲಭ.

ಲೆಕ್ಕ ಹೀಗೆ. ಶಕವರ್ಷಕ್ಕೆ 12 ಸೇರಿಸಿ, 60ರಿಂದ ಭಾಗಿಸಿ, ಉಳಿದ ಶೇಷವೇ ಸಂವತ್ಸರದ ನಂಬ್ರ, ಪ್ರಭವ 1 ಅಂತ ಇಟ್ಟುಕೊಂಡು. ಶೇಷ ಸೊನ್ನೆ ಬಂದ್ರೆ 60ನೆಯದ್ದು, ಅಂದ್ರೆ ಕ್ಷಯ. ನಂಬಿಕೆ ಬರಬೇಕಾದ್ರೆ ನಮ್ಮ ಕಾಲದ್ದೇ ಒಂದು ಹಾಕಿ ನೋಡಿ. ಶಕ 1947, ಅಂದ್ರೆ 2025-26. 1947ಕ್ಕೆ 12 ಸೇರಿಸಿದ್ರೆ 1959, ಅದರಲ್ಲಿ 1920 ಕಳೆದ್ರೆ 39, ಮೂವತ್ತೊಂಬತ್ತನೆಯದ್ದು ವಿಶ್ವಾವಸು. ಪಂಚಾಂಗ ತೆಗೆದು ನೋಡಿ, ಸರಿಯಾಗಿರ್ತದೆ. ಶಕದಿಂದ ಇಸವಿಗೆ ಬರ್ಲಿಕ್ಕೆ 78 ಸೇರಿಸಿದ್ರೆ ಆಯ್ತು, ಆ ಸಂವತ್ಸರ ಶುರುವಾಗುವ ಇಸವಿ ಸಿಗ್ತದೆ, ಯುಗಾದಿಯಿಂದ ಮುಂದಿನ ಯುಗಾದಿ ತನಕ ಅದು ಎರಡು ಇಸವಿಗಳಲ್ಲಿ ಹರಡಿರ್ತದೆ.

ಈಗ ಇದನ್ನು ದೇವರಾಯರ ಮೇಲೆ ಇಟ್ಟು ನೋಡಿ. ಮೊದಲನೇ ದೇವರಾಯ ಪಟ್ಟಕ್ಕೆ ಬಂದ 1406, ಶಕ 1328. ಹನ್ನೆರಡು ಸೇರಿಸಿ ಭಾಗಿಸಿದ್ರೆ ಶೇಷ 20, ವ್ಯಯ ಸಂವತ್ಸರ. ಮಲ್ಲಿಕಾರ್ಜುನನ ಕೊನೆ 1465, ಶಕ 1387, ಶೇಷ 19, ಪಾರ್ಥಿವ ಸಂವತ್ಸರ. ಗಮನಿಸಿದ್ರಾ? ಅಜ್ಜ ವ್ಯಯದಲ್ಲಿ ಶುರು ಮಾಡಿದ, ಮರಿಮಗ ಪಾರ್ಥಿವದಲ್ಲಿ ಮುಗಿಸಿದ, ಪಾರ್ಥಿವ ಅಂದ್ರೆ ವ್ಯಯದ ಹಿಂದಿನದ್ದು. ಅಂದ್ರೆ ಈ ಮೂರೂ ದೇವರಾಯರ ಕಾಲ ಸೇರಿ ಅರುವತ್ತರ ಒಂದೇ ಒಂದು ಸುತ್ತಿನ ಒಳಗೆ ಸರಿಯಾಗಿ ಕೂತಿದೆ, ಯಾವ ಹೆಸರೂ ಎರಡು ಸಲ ಬರೋದಿಲ್ಲ. ಇದು ಬರೀ ಅದೃಷ್ಟ, ಬೇರೆ ವಂಶದಲ್ಲಿ ಇಷ್ಟು ಚಂದ ಸಿಗೋದು ಕಷ್ಟ. ಸಾಮಾನ್ಯವಾಗಿ ಸಂವತ್ಸರ ಮಾತ್ರ ಇದ್ದು ಶಕವರ್ಷ ಇಲ್ಲದ ಶಾಸನ ಅಂದ್ರೆ ತಲೆನೋವು, ಅರುವತ್ತು ವರ್ಷ ಹಿಂದೋ ಮುಂದೋ ಅಂತ. ಇಲ್ಲಿ ಶಕವರ್ಷ ಪೂರ್ತಿ ಅಳಿಸಿ ಹೋಗಿದ್ರೂ, ಕಲ್ಲು ಈ ಮೂವರಲ್ಲಿ ಒಬ್ಬನದ್ದು ಅಂತ ಗೊತ್ತಿದ್ರೆ ಸಂವತ್ಸರದ ಹೆಸರೊಂದೇ ಸಾಕು.

ಹೀಗೆ ಮನಸಲ್ಲಿ ಇಟ್ಕೊಳ್ಳಿ. ಬಾಯಿಪಾಠದ ಮೊದಲ ಹತ್ತೊಂಬತ್ತು ಹೆಸರು, ಪ್ರಭವದಿಂದ ಪಾರ್ಥಿವ ತನಕ, ಮಗ ಮಲ್ಲಿಕಾರ್ಜುನನ ಪಾಲು, 1447ರಿಂದ 1465-66. ವ್ಯಯದಿಂದ ಶುಭಕೃತು ತನಕ ಅಜ್ಜನ ಪಾಲು, 1406ರಿಂದ 1422-23. ಕ್ರೋಧಿಯಿಂದ ಕೊನೆಯ ಕ್ಷಯ ತನಕ ಅಪ್ಪನ ಪಾಲು, 1424ರಿಂದ 1446. ನಡುವೆ ಶೋಭಕೃತು ಒಂದು ಬಿಟ್ಟೆ, ಅದು ರಾಮಚಂದ್ರ ವಿಜಯ ಇವರ ಗಡಿಬಿಡಿಯ ಕಾಲ, ಶುಭಕೃತು ಕೂಡ ಸ್ವಲ್ಪ ಹಾಗೆಯೇ, ಅಲ್ಲಿ ಮಾತ್ರ ಜಾಗ್ರತೆ.

ಕ್ಷಯ ಸಂವತ್ಸರ ಅಪ್ಪನಿಗೂ ಮಗನಿಗೂ ಪಾಲಾಗಿದೆ, ಅಲ್ಲಿ ತಿಂಗಳು ಬೇಕಾಗ್ತದೆ. ಅದಕ್ಕೆ ಗಡಿಗೆರೆ ಎಳೆದು ಕೊಟ್ಟದ್ದು ಶ್ರವಣಬೆಳಗೊಳದ ಶಾಸನ. ಅಲ್ಲಿ ದೇವರಾಯ ತೀರಿಕೊಂಡದ್ದನ್ನು ಬರೆದು ಇಟ್ಟಿದ್ದಾರೆ, ಕ್ಷಯ ಎಂಬ ಕೆಟ್ಟ ವರ್ಷ, ಎರಡನೇ ವೈಶಾಖ, ಕೃಷ್ಣಪಕ್ಷದ ಚತುರ್ದಶಿ, ಮಂಗಳವಾರ ಅಂತ. ಎರಡನೇ ವೈಶಾಖ ಅಂದ್ರೆ ಆ ವರ್ಷ ವೈಶಾಖದಲ್ಲಿ ಅಧಿಕಮಾಸ ಬಂದಿತ್ತು, ಇದು ನಿಜ ವೈಶಾಖ. ಶಕ 1368ಕ್ಕೆ 12 ಸೇರಿಸಿದ್ರೆ 1380, ಶೇಷ ಸೊನ್ನೆ, ಕ್ಷಯ ಸರಿ. ಆ ತಿಥಿ ಬೀಳೋದು 1446ರ ಮೇ 24ಕ್ಕೆ, ಆ ದಿನದ ವಾರ ಲೆಕ್ಕ ಹಾಕಿದ್ರೆ ಮಂಗಳವಾರವೇ ಬರ್ತದೆ. ಸಂವತ್ಸರ, ಅಧಿಕಮಾಸ, ತಿಥಿ, ವಾರ ಎಲ್ಲ ಒಟ್ಟಿಗೆ ಹೊಂದಿಕೊಂಡ್ರೆ ಆ ತಾರೀಕನ್ನು ಕಣ್ಣುಮುಚ್ಚಿ ನಂಬಬಹುದು, ಯಾಕಂದ್ರೆ ಸುಳ್ಳು ತಾರೀಕಿಗೆ ಇಷ್ಟೂ ಹೊಂದೋದು ಕಷ್ಟ. ಹಾಗಾಗಿ ಕ್ಷಯ ಸಂವತ್ಸರ ಚೈತ್ರ ಅಂತ ಇದ್ರೆ ಅಪ್ಪ. ಕ್ಷಯ ಸಂವತ್ಸರ ಕಾರ್ತಿಕ, ಮಾಘ ಅಂತ ಇದ್ರೆ ಅಪ್ಪ ಅಲ್ಲ. ಮಗ ಅಂತ ಹೇಳಬಹುದು, ಆದ್ರೆ ಆ ಕೆಲವು ತಿಂಗಳು ನಡುವೆ ವಿಜಯರಾಯ ಅಂತ ಇನ್ನೊಬ್ಬ ಇದ್ದ ಅನ್ನೋ ವಾದವೂ ಇತಿಹಾಸಕಾರರಲ್ಲಿ ಉಂಟು, ಹಾಗಾಗಿ 1446-47ರ ಕಲ್ಲಿಗೆ ನಾನಾದ್ರೆ "ಬಹುಶಃ" ಅಂತ ಒಂದು ಶಬ್ದ ಸೇರಿಸ್ತೇನೆ. ವೈಶಾಖ ಕಳೆದ ಕೂಡಲೇ ಜ್ಯೇಷ್ಠದ ಕಲ್ಲು ಸಿಕ್ಕಿದ್ರೆ ಇನ್ನೊಂದು ವಿಷಯ ನೆನಪಿಡಿ, ಹಂಪೆಯಿಂದ ಘಟ್ಟ ಇಳಿದು ಸುದ್ದಿ ಇಲ್ಲಿಗೆ ಬರ್ಲಿಕ್ಕೆ ದಿನ ಬೇಕು, ಸತ್ತ ರಾಜನ ಹೆಸರಲ್ಲೇ ಕಲ್ಲು ಕೊರೆದು ಮುಗಿಸಿರುವ ಸಾಧ್ಯತೆ ಇದ್ದೇ ಇರ್ತದೆ.

ಲೆಕ್ಕವನ್ನು ನಮ್ಮ ಊರಿನ ಗೊತ್ತಿರುವ ಜಾಗದಲ್ಲಿ ಪರೀಕ್ಷೆ ಮಾಡಿ ನೋಡುವ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಶಕ 1351ರದ್ದು, ಅಂದ್ರೆ 1429-30. ಹನ್ನೆರಡು ಸೇರಿಸಿ 1363, ಶೇಷ 43, ಸೌಮ್ಯ ಸಂವತ್ಸರ, ಕ್ರೋಧಿ ಕ್ಷಯಗಳ ನಡುವೆ ಬಂತು, ಅಪ್ಪನ ಕಾಲ. ಅದೇ ಬಸದಿಯ ಮುಂದಿನ ಭೈರಾದೇವಿ ಮಂಟಪ ಬಂದದ್ದು 1451ರ ಸುಮಾರಿಗೆ. ಶಕ 1373, ಶೇಷ 5, ಪ್ರಜೋತ್ಪತ್ತಿ, ಮೊದಲ ಹತ್ತೊಂಬತ್ತರ ಒಳಗೆ, ಮಗನ ಕಾಲ. ಮುಂದಿನ ಸಲ ಹೋದಾಗ ನೋಡಿ, ಒಳಗೆ ಹೋಗುವಾಗ ಮೊದಲು ಸಿಗೋದು ಮಗನ ಕಾಲದ್ದು, ಮತ್ತೆ ಅಪ್ಪನ ಕಾಲದ್ದು. ಮೂಡುಬಿದಿರೆಯಲ್ಲಿ ಇನ್ನೊಂದು ತಮಾಷೆ ಉಂಟು. ಆ ಬಸದಿ ಕಟ್ಟುವಾಗ ಮಂಗಳೂರು ರಾಜ್ಯ ನೋಡಿಕೊಳ್ತಿದ್ದ ಅಧಿಕಾರಿಯ ಹೆಸರೂ ದೇವರಾಯ ಒಡೆಯ. ಅಂದ್ರೆ ಮೇಲೆ ರಾಜ ದೇವರಾಯ, ಕೆಳಗೆ ಅಧಿಕಾರಿ ದೇವರಾಯ. ಕಲ್ಲಿನ ಅರ್ಧ ಸಾಲು ಮಾತ್ರ ಉಳಿದ ಕಡೆ ಇವರನ್ನು ಅದಲುಬದಲು ಮಾಡ್ಲಿಕ್ಕೆ ಎಷ್ಟು ಹೊತ್ತು ಬೇಕು ಹೇಳಿ. ಮಹಾರಾಯ ಅಂತ ಇದ್ರೆ ರಾಜ, ಒಡೆಯ ಅಂತ ಬಂದು ಮಂಗಳೂರ ರಾಜ್ಯವನ್ನೋ ಬಾರಕೂರ ರಾಜ್ಯವನ್ನೋ ಪಾಲಿಸುತ್ತಿದ್ದ ಅಂತ ಮುಂದೆ ಇದ್ರೆ ಅಧಿಕಾರಿ. ನಿಮ್ಮ ಕಲ್ಲಲ್ಲಿ ಮಹಾರಾಯರು ಅಂತ ಸ್ಪಷ್ಟ ಇರೋದ್ರಿಂದ ಆ ಭಯ ಇಲ್ಲ.

ಈಗ ನಿಮ್ಮ ಕಲ್ಲಿಗೆ ಬರುವ. ಕೊನೆಗೆ "ಭವ" ಬರುವ ಸಂವತ್ಸರ ಮೂರೇ ಮೂರು, ಪ್ರಭವ, ವಿಭವ, ಪರಾಭವ. ಎಂಟನೆಯದ್ದು ಭಾವ, ಅದರಲ್ಲಿ ದೀರ್ಘ ಇರ್ತದೆ, ನೀವು ಕಳಿಸಿದ ಫೋಟೋದಲ್ಲಿ ಭ ಅಕ್ಷರಕ್ಕೆ ದೀರ್ಘ ಕಾಣೋದಿಲ್ಲ, ಅದನ್ನು ಬಿಡುವ. ಮೂರರಲ್ಲಿ ಪ್ರಭವ 1, ವಿಭವ 2, ಎರಡೂ ಮಗನ ಪಾಲಿಗೆ, 1447-48 ಮತ್ತು 1448-49. ಪರಾಭವ 40, ಅಪ್ಪನ ಪಾಲಿಗೆ, 1426-27. ನಿಮ್ಮಲ್ಲಿ ಜಗಳ ಆದದ್ದರಲ್ಲಿ ಆಶ್ಚರ್ಯ ಇಲ್ಲ, ಉಳಿದ ಎರಡಕ್ಷರ ಇಬ್ಬರ ಕಡೆಗೂ ಹೋಗ್ತದೆ.

ಇಲ್ಲಿ ಕೈ ಹಿಡಿಯೋದು ಕೊನೆಯ ೮. ಪ್ರಭವ ಶಕ 1369, ವಿಭವ 1370, ಪರಾಭವ 1348. ಕೊನೆಯ ಅಂಕೆ ಒಂಬತ್ತು, ಸೊನ್ನೆ, ಎಂಟು. ಹಾಗಾಗಿ ೮ ಅಂದ್ರೆ ಪರಾಭವ, ಅಪ್ಪ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದ್ರೆ ಶಕವರ್ಷದ ಅಂಕೆಯಲ್ಲಿ ಒಂದು ವರ್ಷದ ಹೆಚ್ಚುಕಡಿಮೆ ಶಾಸನಗಳಲ್ಲಿ ಮಾಮೂಲು. ಕೆಲವರು ಕಳೆದು ಹೋದ ವರ್ಷದ ಲೆಕ್ಕ ಹಾಕ್ತಾರೆ, ಕೆಲವರು ನಡೆಯುತ್ತಿರುವ ವರ್ಷದ್ದು. ನಾನು ಮೇಲೆ ಕೊಟ್ಟ ಸೂತ್ರ ಕಳೆದ ವರ್ಷದ ಲೆಕ್ಕಕ್ಕೆ. ನಡೆಯುವ ವರ್ಷದ ಲೆಕ್ಕದಲ್ಲಿ ಅಂಕೆ ಒಂದು ಜಾಸ್ತಿ ಬರ್ತದೆ, ಆಗ ಪ್ರಭವ 1370, ವಿಭವ 1371, ಪರಾಭವ 1349. ಎರಡೂ ಪದ್ಧತಿಯಲ್ಲಿ ಮಗನ ಕಡೆಯ ಹೆಸರಿಗೆ ಎಂಟು ಬರೋದಿಲ್ಲ, ಇದು ಒಳ್ಳೆದಾಯ್ತು. ಮಗನದ್ದಾಗಬೇಕಾದ್ರೆ ಒಂದೇ ದಾರಿ, ಬರೆದವನು ತಪ್ಪಿ ಪ್ರಭವಕ್ಕೆ 1368 ಅಂತ ಹಾಕಿರಬೇಕು. ಆಗೋದೇ ಇಲ್ಲ ಅಂತ ಹೇಳ್ಲಿಕ್ಕೆ ಬರೋದಿಲ್ಲ, ಅಂಕೆ ತಪ್ಪಿದ ಶಾಸನಗಳು ಬೇಕಾದಷ್ಟು ಉಂಟು, ಅಂಕೆಗೂ ಸಂವತ್ಸರಕ್ಕೂ ಜಗಳ ಬಂದ್ರೆ ನಾವು ಸಾಮಾನ್ಯವಾಗಿ ಸಂವತ್ಸರದ ಕಡೆಗೇ ವಾಲ್ತೇವೆ, ಯಾಕಂದ್ರೆ ಬರೆಯುವವನ ಬಾಯಲ್ಲಿ ದಿನಾ ಓಡಾಡ್ತಿದ್ದದ್ದು ಸಂವತ್ಸರದ ಹೆಸರು, ಅಂಕೆ ಅಲ್ಲ. ಅದಕ್ಕೇ ನಾನು "ಭವ"ದ ಎಡಗಡೆ ನೋಡಿ ಅಂದದ್ದು.

ಹೇಗೆ ನೋಡೋದು ಅಂದ್ರೆ, ಪ್ರಭವ ಆಗಿದ್ರೆ ಭ ಅಕ್ಷರದ ಎಡಕ್ಕೆ ಒಂದೇ ಅಕ್ಷರದ ಜಾಗ, ಅದರ ಬುಡದಲ್ಲಿ ಸಾಲಿನ ಕೆಳಗೆ ಇಳಿಯುವ ರ ಒತ್ತು ಇರಬೇಕು. ಮೇಲಿನ ಪ ಸವೆದು ಹೋಗಿದ್ರೂ ಒತ್ತಿನ ಬಾಲ ಉಳಿಯುವ ಸಾಧ್ಯತೆ ಉಂಟು, ಅದು ಸಾಲಿಗಿಂತ ಕೆಳಗೆ ಇರ್ತದಲ್ಲ. ಪರಾಭವ ಆಗಿದ್ರೆ ಎರಡು ಅಕ್ಷರದ ಜಾಗ ಬೇಕು, ಕೆಳಗೆ ಎಂತದ್ದೂ ಇಳಿಯೋದಿಲ್ಲ, ಭ ಅಕ್ಷರಕ್ಕೆ ತಾಗಿಕೊಂಡು ರಾ ಅಕ್ಷರದ ದೀರ್ಘದ ಇಳಿ ಸಿಗಬೇಕು. ವಿಭವ ಆಗಿದ್ರೆ ಒಂದೇ ಅಕ್ಷರ, ಮೇಲೆ ಗುಡಿಸು. ಅದೇ ಹೊತ್ತಲ್ಲಿ ಅಳಿಸಿ ಹೋದ ಮೂರನೇ ಅಂಕೆಯನ್ನೂ ನೋಡಿ, ೪ ಮತ್ತು ೬ ಇವೆರಡರ ನಡುವೆ ಮಾತ್ರ ಆಯ್ಕೆ. ಅಂಕೆ ಪೂರ್ತಿ ಓದ್ಲಿಕ್ಕೆ ಆಗಬೇಕಂತಿಲ್ಲ, ಗೆರೆ ಯಾವ ಕಡೆಗೆ ಬಾಗಿದೆ ಅಂತ ಸಿಕ್ಕಿದ್ರೂ ಸಾಕು, ಅದೇ ಕಲ್ಲಲ್ಲಿ ಬೇರೆ ಕಡೆ ತಿಥಿಯಲ್ಲೋ ಭತ್ತದ ಮುಡಿ ಲೆಕ್ಕದಲ್ಲೋ ೪ ಅಥವಾ ೬ ಇದ್ರೆ ಅದರ ಪಕ್ಕ ಇಟ್ಟು ಹೋಲಿಸಿ, ಒಬ್ಬನೇ ಕೊರೆದದ್ದಾದ್ರೆ ಕೈಬರಹ ಒಂದೇ ಇರ್ತದೆ.

ಫೋಟೋ ನೀವು ಮಧ್ಯಾಹ್ನ ಎದುರಿನಿಂದ ತೆಗೆದಿದ್ದೀರಿ, ಅದರಲ್ಲಿ ಸವೆದ ಅಕ್ಷರ ಕಾಣೋದೇ ಇಲ್ಲ. ರಾತ್ರಿ ಹೋಗಿ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಬಹುಮಟ್ಟಿಗೆ ಕಲ್ಲಿಗೆ ತಾಗಿಸಿ ಹಿಡಿದು ಬೆಳಕನ್ನು ಅಡ್ಡ ಹಾಯಿಸಿ, ಆಗ ಕೊರೆದ ಗೆರೆಯ ಒಂದು ಅಂಚಿಗೆ ನೆರಳು ಬೀಳ್ತದೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಫೋಟೋ, ಕ್ಯಾಮೆರಾ ಅಲುಗಾಡಬಾರದು, ಲೈಟ್ ಮಾತ್ರ ಬದಲಾಗಬೇಕು. ಒಂದು ಕಡೆಯ ಬೆಳಕಲ್ಲಿ ಮಾತ್ರ ಕಂಡ ಗೆರೆ ಬಿರುಕು ಇರಬಹುದು, ಎರಡು ಮೂರು ಕಡೆಯಿಂದ ಕಂಡದ್ದನ್ನೇ ಅಕ್ಷರ ಅಂತ ಲೆಕ್ಕಕ್ಕೆ ತಗೊಳ್ಳಿ. ನಮ್ಮ ಮಳೆಗೆ ಕಲ್ಲಿನ ಮೇಲೆ ಪಾಚಿ ಕಟ್ಟಿರ್ತದೆ, ನೀರು ಹಾಕಿ ಮೆತ್ತಗಿನ ಬ್ರಶ್ಶಲ್ಲಿ ತೊಳೀರಿ ಸಾಕು. ಕಬ್ಬಿಣದ ಬ್ರಶ್, ಆಸಿಡ್, ಅಕ್ಷರ ಚಂದ ಕಾಣ್ಲಿ ಅಂತ ಒಳಗೆ ಪೇಂಟ್ ತುಂಬಿಸೋದು, ಇದೆಲ್ಲ ಬೇಡವೇ ಬೇಡ. ಜೀರ್ಣೋದ್ಧಾರದ ಹೊತ್ತಲ್ಲಿ ಇದೇ ಜಾಸ್ತಿ ಆಗೋದು, ಪೇಂಟ್ ಮಾಡುವವನು ತನಗೆ ಕಂಡ ಹಾಗೆ ೪ನ್ನು ೬ ಮಾಡಿ ಬಿಟ್ರೆ ಮುಂದಿನವರಿಗೆ ಓದೇ ಹೋಯ್ತು. ಅಷ್ಟರಲ್ಲೂ ಸಿಗದಿದ್ರೆ ಪಡಿಯಚ್ಚು ತೆಗೆಸಿ, ಒದ್ದೆ ಕಾಗದವನ್ನು ಬ್ರಶ್ಶಲ್ಲಿ ಬಡಿದು ಅಕ್ಷರದ ಒಳಗೆ ಕೂರಿಸಿ ಮೇಲೆ ಶಾಯಿ ಒತ್ತೋದು, ಅದಕ್ಕೆ ಅಭ್ಯಾಸ ಇದ್ದವರೇ ಬೇಕು.

ತಿಥಿ ಮತ್ತು ವಾರ ಕಲ್ಲಲ್ಲಿ ಉಳಿದಿದ್ರೆ ಅದನ್ನೂ ಕಳಿಸಿ, ನಿಮ್ಮ ಪತ್ರದಲ್ಲಿ ಅದು ಇಲ್ಲ. ಆ ತಿಥಿ 1426-27ರಲ್ಲಿ ಯಾವ ವಾರ ಬಿತ್ತು, 1447-48ರಲ್ಲಿ ಯಾವ ವಾರ ಬಿತ್ತು ಅಂತ ಕೋಷ್ಟಕ ನೋಡಿ ಹೇಳಬಹುದು, ಒಂದಕ್ಕೆ ಹೊಂದಿ ಇನ್ನೊಂದಕ್ಕೆ ಹೊಂದದಿದ್ರೆ ವಾದಕ್ಕೆ ಜಾಗವೇ ಇರೋದಿಲ್ಲ. ತಿಂಗಳು ಮೇಷ, ಮೀನ ಹೀಗೆ ಸೌರಮಾನದಲ್ಲಿ ಇದ್ರೆ ಅದನ್ನು ಚೈತ್ರ ವೈಶಾಖಕ್ಕೆ ತಿರುಗಿಸ್ಲಿಕ್ಕೆ ಹೋಗಬೇಡಿ, ಇದ್ದ ಹಾಗೇ ಬರೀರಿ. ನಮ್ಮ ಕಡೆ ವರ್ಷ ಬದಲಾಗೋದು ಬಿಸುವಿಗೆ, ಘಟ್ಟದ ಮೇಲೆ ಯುಗಾದಿಗೆ, ಈ ಎರಡರ ನಡುವಿನ ದಿನಗಳಲ್ಲಿ ಒಂದೇ ದಿನಕ್ಕೆ ಎರಡು ಸಂವತ್ಸರದ ಹೆಸರು ಬರುವ ಅವಕಾಶ ಉಂಟು. ನಿಮ್ಮ ಪ್ರಶ್ನೆಗೆ ಅದರಿಂದ ತೊಂದರೆ ಇಲ್ಲ, ಪರಾಭವದ ಆಚೆ ಈಚೆ ಇರುವ ವಿಶ್ವಾವಸು ಪ್ಲವಂಗ ಎರಡೂ ಅಪ್ಪನವೇ.

ಈ ಸಂವತ್ಸರದ ಉಪಾಯ ಕೈಕೊಡುವ ಜಾಗವನ್ನೂ ಹೇಳಿಬಿಡ್ತೇನೆ. ಸಂಗಮ ವಂಶದ ಕೊನೆಗೆ 1485ರಲ್ಲಿ ಇನ್ನೊಬ್ಬ ಪ್ರೌಢರಾಯ ಬಂದು ಸ್ವಲ್ಪ ಸಮಯದಲ್ಲೇ ಪದಚ್ಯುತನಾದ. ಆ ವರ್ಷ ಶಕ 1407, ಲೆಕ್ಕ ಹಾಕಿದ್ರೆ ವಿಶ್ವಾವಸು. 1425-26 ಕೂಡ ವಿಶ್ವಾವಸುವೇ. ಹಾಗಾಗಿ ಪ್ರೌಢರಾಯ, ವಿಶ್ವಾವಸು ಸಂವತ್ಸರ ಅಂತ ಮಾತ್ರ ಇರುವ ಕಲ್ಲಿಗೆ ಸುತ್ತು ಎರಡನೇ ಸಲ ತಿರುಗಿರ್ತದೆ, ಅಲ್ಲಿ ಶಕವರ್ಷ ಇಲ್ಲದೆ ಬಾಯಿ ಬಿಡಬಾರದು. ನಿಮ್ಮಲ್ಲಿ ೧೩ ಅಂತ ಉಳಿದಿರೋದ್ರಿಂದ ಈ ಬಾಗಿಲು ಮುಚ್ಚಿದ ಹಾಗೆ.

ತಾಮ್ರಶಾಸನ ಯಾರ ಮನೆಯಲ್ಲಾದ್ರೂ ಇದ್ರೆ ಕೆಲಸ ಇನ್ನೂ ಹಗುರ, ಯಾಕಂದ್ರೆ ಅದರಲ್ಲಿ ವಂಶಾವಳಿ ಶ್ಲೋಕದಲ್ಲಿ ಬರ್ತದೆ, ತಾಯಿಯ ಹೆಸರೂ ಇರ್ತದೆ. ಅಪ್ಪನ ಬಿರುದನ್ನು ಮಗ ತಗೊಳ್ಳಬಹುದು, ಹೆಸರು ತಗೊಳ್ಳಬಹುದು, ತಾಯಿಯನ್ನು ಬದಲಾಯಿಸ್ಲಿಕ್ಕೆ ಆಗೋದಿಲ್ಲ. ತಾಯಿ ನಾರಾಯಣಾಂಬಿಕೆ ಅಂತ ಇದ್ರೆ ಅದು ಎರಡನೇ ದೇವರಾಯ, ತಂದೆ ವಿಜಯಭೂಪತಿ. ತಾಯಿ ಪೊನ್ನಲದೇವಿ ಅಂತ ಇದ್ರೆ ಮಲ್ಲಿಕಾರ್ಜುನ. ಊರಿನ ದೇವಸ್ಥಾನದ ಕಲ್ಲಲ್ಲಿ ಇಷ್ಟೆಲ್ಲ ಬರೆಯುವ ಕ್ರಮ ಕಡಿಮೆ, ಅಲ್ಲಿ ಮುಖ್ಯ ವಿಷಯ ಯಾವ ಗದ್ದೆ, ಎಷ್ಟು ಮುಡಿ ಅಕ್ಕಿ, ಯಾರು ನಡೆಸಿಕೊಂಡು ಹೋಗಬೇಕು ಅಂತ.

ನಾಣ್ಯದ ಬಗ್ಗೆ ನೀವು ಕೇಳಿಲ್ಲ, ಆದ್ರೂ ಒಂದು ಮಾತು, ಯಾಕಂದ್ರೆ ಸಂಚಿಕೆಗೆ ಯಾರೋ ನಾಣ್ಯದ ಫೋಟೋ ಕೊಟ್ಟಿದ್ದಾರೆ ಅಂದ್ರಿ. ವಿಜಯನಗರದ ನಾಣ್ಯದ ಮೇಲೆ ಶಕವೂ ಇಲ್ಲ ಸಂವತ್ಸರವೂ ಇಲ್ಲ. ಮಲ್ಲಿಕಾರ್ಜುನ ಅಂತ ಅಕ್ಷರ ಇದ್ರೆ ಮಗನದ್ದು ಅಂತ ಹೇಳಬಹುದು. ಬರೀ ಪ್ರತಾಪ ದೇವರಾಯ ಅಂತ ಇದ್ರೆ "ದೇವರಾಯನ ನಾಣ್ಯ" ಅಂತ ಹಾಕಿ ಬಿಡಿ, ನಂಬ್ರ ಕೊಡ್ಲಿಕ್ಕೆ ಹೋಗಬೇಡಿ.

ಇನ್ನು ಅಬ್ದುಲ್ ರಜಾಕ್ ಮಂಗಳೂರಿಗೆ ಬಂದಿಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋದ ಕಥೆಯನ್ನು ಅದೇ ಲೇಖನದಲ್ಲಿ ಸೇರಿಸಬಹುದಾ ಅಂತಲೂ ಕೇಳಿದ್ರಿ. ಸೇರಿಸಿ, ಅವನು ಕಂಡದ್ದು 1443ರಲ್ಲಿ, ಅಪ್ಪನನ್ನೇ. ಕಲ್ಲು 1426-27ರದ್ದು ಅಂತ ಖಾತ್ರಿಯಾದ್ರೆ ಇಬ್ಬರೂ ಒಬ್ಬನೇ ರಾಜನ ಕಾಲದವರು, ನಡುವೆ ಹದಿನಾರು ಹದಿನೇಳು ವರ್ಷ. ಖಾತ್ರಿ ಆಗುವ ಮೊದಲು ಸೇರಿಸಬೇಡಿ.

ಸಂಚಿಕೆಯಲ್ಲಿ ನಾನಾದ್ರೆ ಹೀಗೆ ಬರೀತೇನೆ: "ಶಕ 13[4]8, [ಪರಾ]ಭವ ಸಂವತ್ಸರ, ಕ್ರಿ.ಶ. 1426-27, ವಿಜಯನಗರದ ಎರಡನೇ ದೇವರಾಯನ ಕಾಲ." ಕಲ್ಲಲ್ಲಿ ಕಾಣದೆ ಲೆಕ್ಕದಿಂದ ತುಂಬಿಸಿದ್ದು ಆವರಣದ ಒಳಗೆ ಇರಲಿ. ಇಮ್ಮಡಿ ಅನ್ನೋ ಶಬ್ದ ಎಲ್ಲೂ ಬೇಡ, ಪ್ರೌಢ ಅಂತಲೂ ಬೇಡ, ಕಲ್ಲಲ್ಲಿ ಅವೆರಡೂ ಇಲ್ಲ. ರಾತ್ರಿ ಟಾರ್ಚಲ್ಲಿ ನೋಡುವಾಗ ಸಾಲಿನ ಕೆಳಗೆ ರ ಒತ್ತಿನ ಬಾಲ ಸಿಕ್ಕಿತು ಅಂತಾದ್ರೆ ಪ್ರಿಂಟ್ ನಿಲ್ಲಿಸಿ ಮೊದಲು ಫೋಟೋ ಕಳಿಸಿ.